ಸುಸ್ತಿ ಸಾಲಕ್ಕೆ 40 ನಿಮಿಷ

ಸಹಕಾರ ಸಂಘಗಳ ಆಡಳಿತ ಮಂಡಳಿ ಸಭೆಯಲ್ಲಿ ಜಮಾ-ಖರ್ಚಿನ ಚರ್ಚೆಯೇ ಎಳೆದಾಡಿ, ಸುಸ್ತಿ ಸಾಲದ ವಿಷಯ ಮುಂದಿನ ತಿಂಗಳಿಗೆ ಹೋಗುವುದುಂಟು. ಕಾರ್ಯಸೂಚಿಯಲ್ಲೇ ವೇಳೆ ಹಂಚುವುದು ಇದಕ್ಕಾಗಿಯೇ.

11ಕ್ಕೆ ಶುರುವಾಗಿ 12.30ಕ್ಕೆ ಮುಗಿಯಬೇಕಾದ ಸಭೆಯೊಂದನ್ನು ನೋಡಿ. ಹಿಂದಿನ ನಡಾವಳಿಗೆ 5 ನಿಮಿಷ, ಜಮಾ-ಖರ್ಚಿಗೆ 15, ಸುಸ್ತಿ ಸಾಲಕ್ಕೆ 40, ಹೊಸ ಸಾಲದ ಅರ್ಜಿಗಳಿಗೆ 20. ಉಳಿದ 10 ನಿಮಿಷ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯಗಳಿಗೆ’.

ಬರೀ ‘ಸುಸ್ತಿ ಸಾಲ’ ಎಂದು ಬರೆದರೆ ಏನು ಮಾಡಬೇಕೆಂದು ತಿಳಿಯದು. ‘ವಿಷಯ 3: ಸುಸ್ತಿದಾರರ ಮೇಲೆ ವಸೂಲಿ ದಾವೆ ಹೂಡುವುದು, ತೀರ್ಮಾನಕ್ಕೆ, 11.20ರಿಂದ 12, ಅನುಬಂಧ 3: ಸುಸ್ತಿದಾರರ ಪಟ್ಟಿ’ ಎಂದಿರಬೇಕು. ವಿಷಯಕ್ಕೂ ಅನುಬಂಧಕ್ಕೂ ಒಂದೇ ಸಂಖ್ಯೆಯಿದ್ದರೆ ಪುಟ ಹುಡುಕುವ ಪರದಾಟವಿಲ್ಲ.

ಆ ಪಟ್ಟಿ ತಿಳುವಳಿಕೆ ಪತ್ರದ ಜೊತೆಗೇ ನಿರ್ದೇಶಕರ ಕೈಸೇರಬೇಕು. ಸಭೆಯಲ್ಲಿ ಹಂಚಿದರೆ 40 ನಿಮಿಷವೂ ಅದನ್ನು ಓದುವುದರಲ್ಲೇ ಕಳೆಯುತ್ತದೆ.