ನಟರಾಜನಿಲ್ಲದ ಗುರುತು

ಬಡಾವಣೆಯ ನಾಟ್ಯಶಾಲೆಗಳ ಬೋರ್ಡುಗಳನ್ನು ನೋಡಿ: ಹೆಚ್ಚಿನವುಗಳಲ್ಲಿ ನಟರಾಜ, ಇಲ್ಲವೇ ಗೆಜ್ಜೆ. ಸುಂದರವೇ, ಆದರೆ ಹೆಸರು ಮುಚ್ಚಿದರೆ ಯಾವ ಶಾಲೆಯೆಂದು ತಿಳಿಯದು.

ಪ್ರೊತಿಮಾ ಗೌರಿ ಬೇಡಿ 1990ರಲ್ಲಿ ಹೆಸರಘಟ್ಟದ ಬಳಿ ಕಟ್ಟಿದ ನೃತ್ಯಗ್ರಾಮದ ದಾರಿ ಬೇರೆ. ಶಾಸ್ತ್ರೀಯ ನೃತ್ಯ ಕಲಿಯುವವರು ಅಲ್ಲೇ ಇದ್ದು, ದಿನವಿಡೀ ನೃತ್ಯದಲ್ಲೇ ಬದುಕಬೇಕೆಂಬುದು ಅದರ ಮೂಲ ಕಲ್ಪನೆ. ಹೆಸರೇ ಅದನ್ನು ಹೇಳಿತು. ಜೆರಾರ್ಡ್ ಡಾ ಕುನ್ಹಾ ವಿನ್ಯಾಸದ ಕಲ್ಲು–ಮಣ್ಣಿನ ಕಟ್ಟಡಗಳು ಅದನ್ನೇ ತೋರಿಸಿದವು. ರಾತ್ರಿಯಿಡೀ ಉಚಿತವಾಗಿ ನಡೆಯುತ್ತಿದ್ದ ವಸಂತಹಬ್ಬ ಜನರನ್ನು ಆ ಅಂಗಳಕ್ಕೇ ಕರೆತಂದಿತು. ಕಲಿಯಬಯಸುವವರು ಶಿಸ್ತನ್ನು ಕಂಡರು, ಪೋಷಕರಾಗಬಲ್ಲವರು ತಮ್ಮ ಹಣ ಏನಾಗುತ್ತದೆ ಎಂಬುದನ್ನು.

ಎಲ್ಲರಿಗೂ ಹಳ್ಳಿ ಕಟ್ಟಲಾಗದು, ನಿಜ. ಸಣ್ಣ ಶಾಲೆಯೂ ತನ್ನ ಬಾನಿ, ಗುರುಪರಂಪರೆಯನ್ನು ಒಂದೇ ವಾಕ್ಯದಲ್ಲಿ ಬರೆದು, ಆಮೇಲೆ ಚಿಹ್ನೆ ಹುಡುಕಲಿ. ಅದು ವಾಟ್ಸಾಪಿನ ಪುಟ್ಟ ವೃತ್ತದಲ್ಲೂ, ಒಂದೇ ಬಣ್ಣದ ರಸೀದಿಯಲ್ಲೂ ಗುರುತಾಗಬೇಕು. ಸೂಕ್ಷ್ಮ ಮುದ್ರೆಗಳು ಅಲ್ಲಿ ಬರೀ ಕಲೆಯಾಗಿಬಿಡುತ್ತವೆ.

ಮಾತು ಮಾತ್ರ ಇಬ್ಬರಿಗೂ ಒಂದೇ ಆಗದು. ತಂದೆತಾಯಿಗೆ ಬೇಕಾದದ್ದು ಪಾಠದ ವೇಳೆ, ಶುಲ್ಕ, ಕಲಿಸುವವರ ಹೆಸರು. ದಾನಿ ಕೇಳುವುದು ಟ್ರಸ್ಟಿನ ನೋಂದಣಿ, 80ಜಿ ರಸೀದಿ, ಕಳೆದ ವರ್ಷದ ಲೆಕ್ಕ. ಆಮಂತ್ರಣದಲ್ಲಿ ಪ್ರಾಯೋಜಕರ ಲೋಗೋಗಳು ಕಲಾವಿದೆಯ ಹೆಸರಿಗಿಂತ ದೊಡ್ಡದಾದರೆ, ಶಾಲೆ ಯಾರದೆಂದು ಇಬ್ಬರಿಗೂ ಅನುಮಾನ ಹುಟ್ಟುತ್ತದೆ.