ಇಪ್ಪತ್ತು ಸಾವಿರ ರೂಪಾಯಿ, ಎರಡು ಜೊತೆ ಬಟ್ಟೆ, ಒಂದು ಬೆಳಗ್ಗೆ

ಹುಡುಗನಿಗೆ ನಂಜನಗೂಡಿನ ಕಾರ್ಖಾನೆಯಲ್ಲಿ ಕೆಲಸ, ಹುಡುಗಿ ಮೈಸೂರಿನಲ್ಲಿ ಶಾಲೆ ಮೇಡಂ. ಹಿರಿಯರು ನೋಡಿ ಒಪ್ಪಿದ ಸಂಬಂಧ. ನನ್ನ ಸ್ಟುಡಿಯೊಗೆ ಬರುವ ಹೊತ್ತಿಗೆ ಇಬ್ಬರೂ ಭೇಟಿಯಾಗಿದ್ದು ನಾಲ್ಕೇ ಸಲ. ಹುಡುಗಿಯ ಮೊಬೈಲಿನಲ್ಲಿ ಒಂದು ಪಟ್ಟಿಯಿತ್ತು: ಬೆಳಗ್ಗೆ ಚಾಮುಂಡಿ ಬೆಟ್ಟ, ಆಮೇಲೆ ಶ್ರೀರಂಗಪಟ್ಟಣದ ಹೊಳೆ ದಂಡೆ, ಮಧ್ಯಾಹ್ನ ಮೇಲುಕೋಟೆ, ಸಂಜೆ ಕೆಆರ್‌ಎಸ್ ಹಿನ್ನೀರು. ನಾಲ್ಕು ಜಾಗಕ್ಕೆ ನಾಲ್ಕು ಜೊತೆ ಬಟ್ಟೆ. ಕೈಯಲ್ಲಿರುವ ದುಡ್ಡು ಇಪ್ಪತ್ತು ಸಾವಿರ. ಹುಡುಗ ಮಾತಾಡಿದ್ದು ಒಂದೇ ಮಾತು: ‘ಸರ್, ನಂಗೆ ಕ್ಯಾಮೆರಾ ಕಂಡ್ರೆ ಮುಖ ಬಿಗಿದುಹೋಗುತ್ತೆ.’

ಆ ಪಟ್ಟಿಗೆ ನಾನು ಬೇರೆಯದೇ ಲೆಕ್ಕ ಹಾಕಿ ತೋರಿಸಿದೆ. ನಾಲ್ಕು ಜಾಗ ಅಂದರೆ ದಿನದ ಮೂರನೇ ಒಂದು ಪಾಲು ಕಾರಿನಲ್ಲೇ ಕಳೆಯುತ್ತದೆ. ಸೀರೆ ಬದಲಿಸಿ, ತಲೆ ಸರಿ ಮಾಡಿಕೊಂಡು ಬರಲು ಪ್ರತಿ ಸಲವೂ ಮುಕ್ಕಾಲು ಗಂಟೆ ಬೇಕು. ಮೇಲುಕೋಟೆ ತಲುಪುವಾಗ ಸೂರ್ಯ ನೆತ್ತಿಯ ಮೇಲಿರುತ್ತಾನೆ. ಆ ಬಿಸಿಲಿನಲ್ಲಿ ಹುಬ್ಬಿನ ನೆರಳು ಕಣ್ಣಿನ ಮೇಲೆ ಬಿದ್ದು ಎಂಥ ಚೆಲುವೆಯೂ ನಿದ್ದೆಗೆಟ್ಟವಳಂತೆ ಕಾಣುತ್ತಾಳೆ. ಅಂದರೆ ಇಡೀ ದಿನದ ಬಾಡಿಗೆ ಕೊಟ್ಟು ಮೂರು ಗಂಟೆಯ ಕೆಲಸ ಮಾಡಿಸಿಕೊಂಡ ಹಾಗೆ. ದಣಿವು ಬೇರೆ. ದಣಿದವರ ಮುಖ ಇನ್ನಷ್ಟು ಬಿಗಿಯುತ್ತದೆ.

ಹೀಗಾಗಿ ಮೇಲುಕೋಟೆಯೊಂದನ್ನೇ ಉಳಿಸಿಕೊಂಡೆವು. ಬೆಳಗ್ಗೆ ಆರೂವರೆಯಿಂದ ಹತ್ತರವರೆಗೆ, ಎರಡು ಜೊತೆ ಬಟ್ಟೆ. ದಿನ ಬುಧವಾರ, ಏಕೆಂದರೆ ಶನಿವಾರ, ಭಾನುವಾರ ಅಲ್ಲಿ ಜನ ಜಾಸ್ತಿ. ಅಂಜುವ ಜೋಡಿಗೆ ಕ್ಯಾಮೆರಾಗಿಂತ ಹೆಚ್ಚು ಕಾಡುವುದು ಪಕ್ಕದಲ್ಲಿ ನಿಂತು ನೋಡುವ ಜನ. ವೈರಮುಡಿಯ ದಿನಗಳಲ್ಲಂತೂ ಆ ಕಡೆ ಫೋಟೊ ಯೋಚನೆಯನ್ನೇ ಮಾಡಬಾರದು.

ಖರ್ಚು ಹೀಗಿತ್ತು. ಅರ್ಧ ದಿನಕ್ಕೆ ನನಗೆ ಹನ್ನೊಂದು ಸಾವಿರ, ಅದರಲ್ಲಿ ತಿದ್ದಿ ಕೊಡುವ ಮೂವತ್ತೈದು ಫೋಟೊ ಸೇರಿತ್ತು. ಹೋಗಿಬರಲು ಕಾರಿಗೆ 2,800. ಬೆಳಗಿನ ಜಾವ ಮನೆಗೇ ಬಂದು ತಲೆ ಬಾಚಿ ಮೇಕಪ್ ಮಾಡುವ ಬೀದಿಯ ಬ್ಯೂಟಿ ಪಾರ್ಲರಿನವರಿಗೆ 2,500. ಇಸ್ತ್ರಿ, ಹೂವು, ತಿಂಡಿ ಎಲ್ಲ ಸೇರಿ 1,100. ಒಟ್ಟು 17,400, ಮಿಕ್ಕ 2,600 ಕೈಯಲ್ಲಿರಲಿ ಅಂದೆ. ಮದುವೆಗೂ ಅದೇ ಫೋಟೊಗ್ರಾಫರ್ ಆದರೆ ಎಷ್ಟೋ ಮಂದಿ ಇದನ್ನು ಪ್ಯಾಕೇಜಿನಲ್ಲೇ ಸೇರಿಸಿಕೊಡುತ್ತಾರೆ, ಕೇಳಿ ನೋಡಬೇಕು. ಚೌಕಾಸಿ ಮಾಡುವವರಿಗೆ ನನ್ನದೊಂದು ಕಿವಿಮಾತು: ರೇಟು ಇಳಿಸಿ ಅನ್ನಬೇಡಿ, ಗಂಟೆ ಇಳಿಸಿ ಅನ್ನಿ. ರೇಟು ಇಳಿಸಿಕೊಂಡವನು ಆಮೇಲೆ ಫೋಟೊ ತಿದ್ದುವ ಕೆಲಸದಲ್ಲಿ ಅದನ್ನು ಸರಿದೂಗಿಸುತ್ತಾನೆ. ಎಷ್ಟು ಫೋಟೊ, ಯಾವತ್ತು ಕೊಡುತ್ತಾರೆ, ನಿಮ್ಮನ್ನು ಕೇಳದೆ ಇನ್‌ಸ್ಟಾಗ್ರಾಮಿಗೆ ಹಾಕುತ್ತಾರಾ ಎಂಬ ಮೂರನ್ನಂತೂ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ.

ಜಾಗಕ್ಕೆ ಅನುಮತಿ ಬೇಕಾ ಎಂದು ಮೊದಲೇ ವಿಚಾರಿಸುವುದು ಒಳ್ಳೆಯದು. ಸೋಮನಾಥಪುರದಂಥ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಬಿಚ್ಚಿದರೆ ಕಾವಲಿನವರು ಅನುಮತಿ ಪತ್ರ ಕೇಳುತ್ತಾರೆ. ಮೇಲುಕೋಟೆ ದೇವರ ಊರು. 2022ರಲ್ಲಿ ಸಿನಿಮಾದವರು ರಾಯಗೋಪುರದ ಹತ್ತಿರ ಬಾರ್ ಸೆಟ್ ಹಾಕಿ ಊರವರ ಸಿಟ್ಟಿಗೆ ಗುರಿಯಾಗಿದ್ದರು. ಅದಕ್ಕೇ ನಾನು ಮುಂಚಿನ ವಾರವೇ ಹೋಗಿ, ಕೇಳಬೇಕಾದವರನ್ನು ಕೇಳಿ, ಬೆಳಕು ಎಲ್ಲಿ ಹೇಗೆ ಬೀಳುತ್ತದೆಂದು ನೋಡಿಕೊಂಡು ಬಂದಿದ್ದೆ. ಹೊಳೆ, ತೆಪ್ಪ, ಜಲಪಾತದ ಆಸೆಗೆ ಮಾತ್ರ ನಾನು ಸೊಪ್ಪು ಹಾಕುವುದಿಲ್ಲ. 2020ರ ನವೆಂಬರಿನಲ್ಲಿ ತಲಕಾಡಿನ ಬಳಿ ಇಂಥದೇ ಫೋಟೊಗೆಂದು ಕಾವೇರಿಗೆ ಇಳಿದ ತೆಪ್ಪ ಮಗುಚಿ, ಮದುವೆಯಾಗಬೇಕಿದ್ದ ಇಬ್ಬರೂ ನೀರುಪಾಲಾದರು.

ಬಟ್ಟೆಯನ್ನು ಜಾಗ ನೋಡಿ ಆರಿಸಬೇಕು. ಮೇಲುಕೋಟೆಯೆಂದರೆ ಕಲ್ಲು, ಬೂದು ಕಂದು ಬಣ್ಣ. ಹುಡುಗಿ ಮೊದಲು ತೋರಿಸಿದ ಬೂದು ಬಣ್ಣದ ಡಿಸೈನರ್ ಸೀರೆ ಅಲ್ಲಿ ಕಲ್ಲಿನಲ್ಲಿ ಕಲ್ಲಾಗಿಬಿಡುತ್ತಿತ್ತು. ಅವಳ ಅಮ್ಮನ ಪೆಟ್ಟಿಗೆಯಲ್ಲಿ ದಾಳಿಂಬೆ ಕೆಂಪಿನ ಇಳಕಲ್ ಸೀರೆ ಸಿಕ್ಕಿತು, ಅದಾಯಿತು. ಹುಡುಗನಿಗೆ ಕೆನೆ ಬಣ್ಣದ ಅಂಗಿ, ಪಂಚೆ. ಫಳಫಳ ಹೊಳೆಯುವ ಹಸಿರು, ಗುಲಾಬಿ ಬಟ್ಟೆ ಬೇಡ ಅಂದೆ, ಅದರ ಬಣ್ಣ ಗದ್ದದ ಕೆಳಗೆ ಪ್ರತಿಫಲಿಸಿ ಚರ್ಮ ವಿಚಿತ್ರವಾಗಿ ಕಾಣುತ್ತದೆ. ತೀರ ಸಣ್ಣ ಗೆರೆ, ಸಣ್ಣ ಚೌಕಳಿಯ ಅಂಗಿಯೂ ಬೇಡ, ಮೊಬೈಲ್ ಪರದೆಯಲ್ಲಿ ಅಲೆಅಲೆಯಾಗಿ ನಡುಗುತ್ತದೆ. ಎರಡನೆಯ ಜೊತೆ ಅವರು ದಿನಾ ಹಾಕುವಂಥ ಚೂಡಿದಾರ, ಜೀನ್ಸ್, ಅಷ್ಟೆ.

ವಾರದ ಮೊದಲೇ ಎಲ್ಲ ಉಟ್ಟು ತೊಟ್ಟು ಮನೆಯಲ್ಲಿ ಮೆಟ್ಟಿಲು ಹತ್ತಿ, ನೆಲದ ಮೇಲೆ ಕೂತು, ಕೈ ಮೇಲೆತ್ತಿ ನೋಡಿ ಅಂದಿದ್ದೆ. ಕೈ ಎತ್ತಿದಾಗ ರವಿಕೆಯ ಕಂಕುಳ ಹೊಲಿಗೆ ಪರ್ರ್ ಅಂತಂತೆ. ಕಲ್ಯಾಣಿಯ ದಡದಲ್ಲಿ ಆಗಬೇಕಾಗಿದ್ದು ಮನೆಯಲ್ಲೇ ಆಯಿತು, ಟೈಲರಿಗೆ ಐವತ್ತು ರೂಪಾಯಿಯಲ್ಲಿ ಮುಗಿಯಿತು. ಪಂಚೆ ಜಾರುವ ಭಯವಿದ್ದ ಹುಡುಗ ಅಂಟಿಸುವ ವೆಲ್‌ಕ್ರೊ ಪಂಚೆ ತಂದುಕೊಂಡ. ಅದರಿಂದ ಅವನ ಅರ್ಧ ಅಂಜಿಕೆ ಹೋಯಿತೆಂದೇ ನನ್ನ ಲೆಕ್ಕ. ಹೊಸ ಚಪ್ಪಲಿ ಚೀಲದಲ್ಲಿರಲಿ, ನಡೆಯಲು ಹಳೆಯದೇ ಸಾಕು.

ಹೊರಡುವ ಮುಂಚೆ ಇನ್ನೊಂದು ಮಾತು ಕೇಳಿದ್ದೆ: ‘ಯಾವ ಪೋಸು ಬೇಡ ಹೇಳಿ.’ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ‘ಎತ್ತಿಕೊಳ್ಳೋದು, ತಬ್ಬಿಕೊಳ್ಳೋದು ಬೇಡ ಸರ್. ಅತ್ತೆ ಮನೆಯವರೂ ನೋಡ್ತಾರೆ’ ಅಂದಳು ಹುಡುಗಿ. ಅಲ್ಲಿಗೆ ನನ್ನ ಕೆಲಸ ಸಲೀಸಾಯಿತು. ಮುಟ್ಟದೆಯೂ ಜೋಡಿ ಜೋಡಿಯಂತೆಯೇ ಕಾಣುತ್ತದೆ.

ಮೊದಲ ಇಪ್ಪತ್ತು ನಿಮಿಷದ ಫೋಟೊ ಸಾಮಾನ್ಯವಾಗಿ ಕಸದ ಬುಟ್ಟಿಗೇ. ಇದನ್ನು ಅವರಿಗೂ ಹೇಳಿಬಿಡುತ್ತೇನೆ. ಕೆಡಿಸಲು ಪರವಾನಗಿ ಸಿಕ್ಕಿದ ಮೇಲೆ ಭುಜ ತಾನಾಗಿ ಇಳಿಯುತ್ತದೆ. ರಾಯಗೋಪುರದ ಎತ್ತರದ ಕಂಬಗಳ ನಡುವೆ ಸುಮ್ಮನೆ ನಡೆದು ಬನ್ನಿ ಅಂತ ಕಳಿಸಿ, ನಾನು ಉದ್ದ ಲೆನ್ಸ್ ಹಿಡಿದು ಮೂವತ್ತು ಹೆಜ್ಜೆ ದೂರ ನಿಂತೆ. ‘ನಗಿ’ ಅನ್ನುವುದಿಲ್ಲ. ಅಂದರೆ ಹಲ್ಲು ಕಾಣುತ್ತದೆ, ಕಣ್ಣು ಹೆದರಿಕೊಂಡೇ ಇರುತ್ತದೆ. ಅದರ ಬದಲು ಏನಾದರೂ ಕೆಲಸ ಕೊಡುತ್ತೇನೆ. ಅವನ ಶಲ್ಯ ಸರಿಮಾಡಮ್ಮ, ಅವಳ ಹೂವು ಹಿಡಿದುಕೊಳ್ಳಪ್ಪ, ನಡೆಯುತ್ತ ನಡೆಯುತ್ತ ಹತ್ತರಿಂದ ಹಿಂದಕ್ಕೆ ಎಣಿಸಿ. ಎಲ್ಲಿ ಇಡುವುದೆಂದು ತಿಳಿಯದ ಕೈಗಳಿಗೆ ಕೆಲಸ ಸಿಕ್ಕಿದರೆ ಮುಖ ಕ್ಯಾಮೆರಾವನ್ನು ಮರೆಯುತ್ತದೆ. ಕ್ಲಿಕ್ ಮಾಡುವಾಗಲೆಲ್ಲ ಹುಡುಗ ಕಣ್ಣು ಮುಚ್ಚುತ್ತಿದ್ದ. ಮುಚ್ಚಿಕೊಂಡೇ ಇರಿ, ಮೂರು ಎಂದಾಗ ತೆರೆಯಿರಿ ಅಂದೆ. ಹೀಗೆ ತೆರೆದ ಕಣ್ಣು ಕೆಲ ಕ್ಷಣ ತಾಜಾ ಇರುತ್ತದೆ.

ಎಂಟೂವರೆಗೆ ಬಿಸಿಲು ಚುರುಕಾಯಿತು. ಕಲ್ಯಾಣಿಯ ಸುತ್ತಲಿನ ಮಂಟಪಕ್ಕೆ ಸರಿದೆವು. ಮಂಟಪದೊಳಗೆ ಒಂದೆರಡು ಅಡಿ ಹಿಂದೆ ಕೂತು, ಮುಖವನ್ನು ಬಯಲಿನ ಕಡೆಗೆ ಮಾಡಿದರೆ ಕಿಟಕಿ ಬೆಳಕಿನಂಥ ಮೆತ್ತನೆಯ ಬೆಳಕು ಸಿಗುತ್ತದೆ, ಫ್ಲಾಶ್ ಬೇಕಾಗುವುದಿಲ್ಲ. ಹುಡುಗ ಒಂದು ಗೇಣು ಎತ್ತರ. ಅವಳನ್ನು ಒಂದು ಮೆಟ್ಟಿಲು ಮೇಲೆ ನಿಲ್ಲಿಸಿದ್ದರಿಂದ ಅದೂ ಸರಿಹೋಯಿತು. ನೀರಿಗೆ ಹತ್ತಿರದ ಪಾಚಿ ಮೆಟ್ಟಿಲಿಗೆ ಮಾತ್ರ ಇಳಿಸಲಿಲ್ಲ.

ಹತ್ತಕ್ಕೆ ಪುಳಿಯೋಗರೆ ತಿಂದು ಹೊರಟೆವು. ಛತ್ರದ ಬಾಗಿಲಲ್ಲಿ ಇಡಲು ಅವರು ಆರಿಸಿದ್ದು ಮಂಟಪದ ಫೋಟೊ: ಇಬ್ಬರ ನಡುವೆ ಒಂದು ಮೊಳ ಅಂತರ, ಮಧ್ಯೆ ಅವಳ ಹೂವಿನ ಪೊಟ್ಟಣ. ಕೈಯಲ್ಲಿ ಮಿಕ್ಕಿದ ದುಡ್ಡಿನಲ್ಲಿ ಅದಕ್ಕೆ ಫ್ರೇಮ್ ಹಾಕಿಸಿದರು.