ಬಾಕ್ಸಿನಲ್ಲಿ ಇಲ್ಲದ ಚಾರ್ಜರ್ ಮತ್ತು ಬೀದಿಯ ಅಂಗಡಿಯ ಸ್ಟೇಟಸ್

2020ರ ಅಕ್ಟೋಬರಿನಲ್ಲಿ ಆಪಲ್ ಕಂಪನಿ ಐಫೋನ್ 12ರ ಬಾಕ್ಸಿನಿಂದ ಚಾರ್ಜರನ್ನು ತೆಗೆದುಹಾಕಿದಾಗ ಸ್ಯಾಮ್‌ಸಂಗ್ ಅದನ್ನು ಗೇಲಿ ಮಾಡಿತ್ತು. ಮೂರೇ ತಿಂಗಳಲ್ಲಿ, 2021ರ ಜನವರಿಯಲ್ಲಿ, ಅದೇ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಎಸ್21 ಫೋನನ್ನು ಚಾರ್ಜರ್ ಇಲ್ಲದೆ ಬಿಡುಗಡೆ ಮಾಡಿತು. ಈಗ ಮಧ್ಯಮ ಬೆಲೆಯ ಹಲವು ಸ್ಯಾಮ್‌ಸಂಗ್ ಫೋನ್‌ಗಳ ಬಾಕ್ಸಿನಲ್ಲೂ ಸಿಗುವುದು ಫೋನು, ಒಂದು ಕೇಬಲ್ಲು, ಸಿಮ್ ತೆಗೆಯುವ ಪಿನ್ನು, ಒಂದಿಷ್ಟು ಕಾಗದ, ಅಷ್ಟೇ.

ಫೋನು ಮಾರುವ ಲಾಭ ದೊಡ್ಡ ಶೋರೂಮಿಗೋ ಆನ್‌ಲೈನ್ ಕಂಪನಿಗೋ ಹೋಗಿಯಾಯಿತು. ಬಡಾವಣೆಯ ತಿರುವಿನಲ್ಲಿರುವ ಅಕ್ಸೆಸರೀಸ್ ಅಂಗಡಿಗೆ ಉಳಿದಿರುವುದು ಬಾಕ್ಸಿನಲ್ಲಿ ಇಲ್ಲದ ಸಾಮಾನು: ಗ್ಲಾಸು, ಬ್ಯಾಕ್ ಕವರು, ಚಾರ್ಜರು, ಮುಂದೊಂದು ದಿನ ಪವರ್ ಬ್ಯಾಂಕು. ಆದರೆ ಹೊಸ ಫೋನ್ ಬಂದದ್ದು ಅಂಗಡಿಯವರಿಗೆ ಗೊತ್ತಾಗುವುದಿಲ್ಲ. ತನ್ನ ಫೋನಿಗೆ ಏನು ಹೊಂದುತ್ತದೆ ಎಂಬುದು ಗಿರಾಕಿಗೆ ಗೊತ್ತಿರುವುದಿಲ್ಲ. ಈ ಎರಡು ಅಜ್ಞಾನಗಳ ನಡುವೆ ಕೆಲಸ ಮಾಡಬೇಕಾದದ್ದು ಅಂಗಡಿಯವರ ವಾಟ್ಸಾಪ್ ಸ್ಟೇಟಸ್ಸು, ಇನ್‌ಸ್ಟಾಗ್ರಾಂ ಪೋಸ್ಟು. ಬಹಳ ಕಡೆ ಅಲ್ಲಿ ಕಾಣುವುದು ‘ಎಲ್ಲಾ ಕಂಪನಿಯ ಕವರ್ ಸಿಗುತ್ತದೆ, ಭಾರೀ ಆಫರ್’ ಎಂಬ ಕೆಂಪು ಹಳದಿ ಪೋಸ್ಟರು. ಅದನ್ನು ನೋಡಿ ಎದ್ದು ಬರುವವರು ಕಡಿಮೆ, ಏಕೆಂದರೆ ಅದು ಯಾರ ಫೋನಿನ ವಿಷಯವೂ ಅಲ್ಲ.

ಒಂದು ಮಾಡೆಲ್, ಒಂದು ತೊಂದರೆ ಹಿಡಿದು ಹೊರಟರೆ ಪೋಸ್ಟಿನ ರೂಪವೇ ಬೇರೆಯಾಗುತ್ತದೆ. ಗ್ಯಾಲಕ್ಸಿ ಎ35 ಕೊಂಡ ಮನೆಯೊಂದನ್ನು ಕಲ್ಪಿಸಿಕೊಳ್ಳಬಹುದು. ಬಾಕ್ಸಿನಲ್ಲಿ ಬಂದ ಕೇಬಲ್ಲಿಗೆ ಎರಡೂ ಕಡೆ ಟೈಪ್ ಸಿ. ಮನೆಯಲ್ಲಿರುವ ಹಳೆಯ ಚಾರ್ಜರಿಗೋ ಅಗಲ ಬಾಯಿಯ ಯುಎಸ್‌ಬಿ. ಕೇಬಲ್ಲು ಅದಕ್ಕೆ ಹೋಗುವುದೇ ಇಲ್ಲ. ಹಾಗಾಗಿ ಮನೆಯವರು ಹಳೆಯ ಚಾರ್ಜರಿನ ಜೊತೆ ಹಳೆಯ ಕೇಬಲ್ಲನ್ನೇ ಹಾಕಿ ಸುಮ್ಮನಾಗುತ್ತಾರೆ. ಎರಡು ಮೂರು ದಿನ ಕಳೆದ ಮೇಲೆ ‘ಹೊಸ ಫೋನು, ಆದರೂ ಚಾರ್ಜ್ ಆಗೋಕೆ ಎಷ್ಟೊತ್ತು!’ ಎಂಬ ಗೊಣಗಾಟ ಶುರುವಾಗುತ್ತದೆ. ಅಂಗಡಿಯ ಪೋಸ್ಟು ಸಿಗಬೇಕಾದದ್ದು ಈ ಗೊಣಗಾಟದ ಹೊತ್ತಿಗೆ.

ಅದಕ್ಕೆ ಡಿಸೈನರ್ ಬೇಡ. ಕೌಂಟರಿನ ಮೇಲೆ ಒಂದು ಎ35 ಇಟ್ಟು, ಬ್ಯಾಟರಿ ಅರ್ಧಕ್ಕಿಂತ ಕೆಳಗಿರುವಾಗ, ಹದಿನೈದು ಸೆಕೆಂಡಿನ ವೀಡಿಯೊ ತೆಗೆದರೆ ಸಾಕು. ಮೊದಲು ಸ್ಯಾಮ್‌ಸಂಗಿನದೇ ಹಳೆಯ 15 ವ್ಯಾಟಿನ ಚಾರ್ಜರ್ ಚುಚ್ಚಿದರೆ ಪರದೆಯ ಮೇಲೆ Fast charging ಎಂದು ಬರುತ್ತದೆ. ಅದನ್ನು ತೆಗೆದು 25 ವ್ಯಾಟಿನ, ಪಿಪಿಎಸ್ ಸೌಲಭ್ಯವಿರುವ ಟೈಪ್ ಸಿ ಚಾರ್ಜರ್ ಚುಚ್ಚಿದರೆ Super fast charging ಎಂದು ಬರುತ್ತದೆ. ಕೆಳಗೆ ಎರಡು ಸಾಲು: ‘ಎ35 ಬಾಕ್ಸಲ್ಲಿ ಬಂದಿರೋ ಕೇಬಲ್ ಮನೆ ಚಾರ್ಜರಿಗೆ ಹೋಗ್ತಿಲ್ವಾ ಸರ್? ಕೇಬಲ್ ಇರಲಿ, ಚಾರ್ಜರ್ ಒಂದೇ ಸಾಕು.’ ಜೊತೆಗೆ ಬೆಲೆ. ಇರುವ ಕೇಬಲ್ಲನ್ನೇ ಬಳಸಿ ಎಂದು ಹೇಳಿದ್ದು ಇಲ್ಲಿ ಮುಖ್ಯ. ಕೇಬಲ್ಲನ್ನೂ ಸೇರಿಸಿ ಕಟ್ಟಿಕೊಟ್ಟು ಇನ್ನೂರು ರೂಪಾಯಿ ಹೆಚ್ಚು ದುಡಿಯಬಹುದಿತ್ತು. ಆದರೆ ಬೇಡದ್ದನ್ನು ಬೇಡ ಎಂದ ಅಂಗಡಿಯವರು ಬೇಕಾದದ್ದನ್ನು ಬೇಕು ಎಂದಾಗ ಗಿರಾಕಿ ನಂಬುತ್ತಾನೆ.

ಪಿಪಿಎಸ್ ಎಂದರೆ ಫೋನು ಕೇಳಿದಂತೆ ವೋಲ್ಟೇಜನ್ನು ಸಣ್ಣ ಸಣ್ಣ ಮೆಟ್ಟಿಲಿನಲ್ಲಿ ಏರಿಸಿ ಇಳಿಸುವ ವ್ಯವಸ್ಥೆ. ಪೆಟ್ಟಿಗೆಯ ಮೇಲೆ 25 ವ್ಯಾಟ್ ಎಂದು ಬರೆದಿದ್ದರೂ ಇದು ಇಲ್ಲದ ಚಾರ್ಜರಿನಲ್ಲಿ ಸ್ಯಾಮ್‌ಸಂಗ್ ಫೋನು ಪೂರ್ತಿ ವೇಗಕ್ಕೆ ಏರುವುದಿಲ್ಲ. ಒನ್‌ಪ್ಲಸ್, ಒಪ್ಪೋ ಫೋನ್‌ಗಳ ಕಥೆ ಬೇರೆ. ಅವುಗಳ ಸೂಪರ್‌ವೂಕ್ ವೇಗ ಸಿಗಬೇಕಾದರೆ ಅದೇ ಬಗೆಯ ಚಾರ್ಜರು, ಕೇಬಲ್ಲು ಎರಡೂ ಬೇಕು. ಹೀಗಾಗಿ ‘ಎಲ್ಲಾ ಫೋನಿಗೂ ಫಾಸ್ಟ್ ಚಾರ್ಜರ್’ ಎಂಬ ಪೋಸ್ಟು ಹಾಕಿದ ಅಂಗಡಿಗೆ ನಾಲ್ಕು ದಿನದಲ್ಲಿ ಸಾಮಾನು ವಾಪಸ್ ಬರುವುದು ಖಂಡಿತ. ‘ಹಳೇ ಚಾರ್ಜರ್ ಹಾಕಿದರೆ ಬ್ಯಾಟರಿ ಸಿಡಿಯುತ್ತೆ’ ಎಂದು ಹೆದರಿಸುವ ಪೋಸ್ಟುಗಳೂ ಓಡಾಡುತ್ತವೆ. ಅದು ಸುಳ್ಳು. ಒಳ್ಳೆಯ ಕಂಪನಿಯ, ಕೆಡದ ಹಳೆಯ ಚಾರ್ಜರು ನಿಧಾನವಾಗಿ ಚಾರ್ಜ್ ಮಾಡುತ್ತದೆ, ಅಷ್ಟೇ. ಅಪಾಯ ಇರುವುದು ಬಿಐಎಸ್ ನೋಂದಣಿ ಇಲ್ಲದ ಅಗ್ಗದ ಮಾಲಿನಲ್ಲಿ. ಭಾರತದಲ್ಲಿ ಅಡಾಪ್ಟರು, ಪವರ್ ಬ್ಯಾಂಕುಗಳಿಗೆ ಈ ನೋಂದಣಿ ಕಡ್ಡಾಯ. ಮಾಲಿನ ಮೇಲೆ R- ಎಂದು ಶುರುವಾಗುವ ಸಂಖ್ಯೆಯನ್ನು BIS Care ಆ್ಯಪಿನಲ್ಲಿ ಹಾಕಿ ಯಾರಾದರೂ ಪರೀಕ್ಷಿಸಬಹುದು. ಹೆದರಿಸುವ ಬದಲು ಹಾಗೆ ಪರೀಕ್ಷಿಸುವುದನ್ನೇ ಚಿತ್ರ ತೆಗೆದು ಹಾಕಿದರೆ ಇನ್ನೊಂದು ಪೋಸ್ಟು ಸಿದ್ಧ.

ಇಷ್ಟು ಮಾಡಿದ ಪೋಸ್ಟು ಯಾರಿಗೂ ಕಾಣದೆ ಹೋಗುವುದೂ ಉಂಟು. ವಾಟ್ಸಾಪ್ ಸ್ಟೇಟಸ್ 24 ಗಂಟೆ ಇರುತ್ತದೆ. ಅಂಗಡಿಯವರ ಫೋನಿನಲ್ಲಿ ಗಿರಾಕಿಯ ನಂಬರು, ಗಿರಾಕಿಯ ಫೋನಿನಲ್ಲಿ ಅಂಗಡಿಯ ನಂಬರು, ಎರಡೂ ಸೇವ್ ಆಗಿದ್ದರೆ ಮಾತ್ರ ಅದು ಕಾಣುತ್ತದೆ. ಗೂಗಲ್ ಪೇಯಲ್ಲಿ ದುಡ್ಡು ಬಂದ ಮಾತ್ರಕ್ಕೆ ಆ ಗಿರಾಕಿ ಸ್ಟೇಟಸ್ ನೋಡುತ್ತಾನೆ ಎಂದಲ್ಲ. ಆದ್ದರಿಂದ ಕೆಲಸ ಶುರುವಾಗುವುದು ಗ್ಲಾಸ್ ಅಂಟಿಸುವ ಆ ಐದು ನಿಮಿಷದಲ್ಲಿ. ‘ಗ್ಲಾಸಿನ ಕೆಳಗೆ ಗುಳ್ಳೆ ಬಂದರೆ ಫೋಟೋ ಕಳಿಸಿ ಮೇಡಂ, ನಂಬರ್ ಸೇವ್ ಮಾಡ್ಕೊಳ್ಳಿ’ ಎಂದರೆ ಬೇಡ ಎನ್ನುವವರು ಕಡಿಮೆ. ಗಿರಾಕಿಯನ್ನು ಕೇಳಿಯೇ ಈಚೆ ಕಡೆ ಹೆಸರಿನ ಪಕ್ಕ ಮಾಡೆಲ್ಲು, ತಿಂಗಳು ಸೇರಿಸಿ ಸೇವ್ ಮಾಡಿಟ್ಟುಕೊಂಡರೆ ಮುಂದೆ ಎ35 ಎಂದು ಹುಡುಕಿದ ಕೂಡಲೇ ಆ ಫೋನಿನವರೆಲ್ಲ ಸಾಲಾಗಿ ಸಿಗುತ್ತಾರೆ.

ಮಾಡೆಲ್ಲಿನ ಹೆಸರನ್ನು ಸರಿಯಾಗಿ ಬರೆಯದಿದ್ದರೆ ಕವರಿನ ಪೋಸ್ಟು ಜಗಳಕ್ಕೆ ದಾರಿ. ರೆಡ್ಮಿ ನೋಟ್ 12 ಮತ್ತು ರೆಡ್ಮಿ ನೋಟ್ 12 5ಜಿ ಹೆಸರಿನಲ್ಲಿ ಅಣ್ಣತಮ್ಮಂದಿರಾದರೂ ಬೇರೆ ಬೇರೆ ಫೋನುಗಳು. ಒಂದರ ಕವರು ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ. ‘ನೋಟ್ 12 ಕವರ್ ಬಂದಿದೆ’ ಎಂಬ ಸ್ಟೇಟಸ್ ನೋಡಿ ಬಸ್ಸಿನಲ್ಲಿ ಬಂದ ಗಿರಾಕಿ ಬರಿಗೈಯಲ್ಲಿ ಹೋದರೆ ಮತ್ತೆ ಆ ಸ್ಟೇಟಸ್ ತೆರೆಯುವುದಿಲ್ಲ. ಪೋಸ್ಟಿನಲ್ಲೇ ‘ಸೆಟ್ಟಿಂಗ್ಸ್‌ನಲ್ಲಿ About phone ಸ್ಕ್ರೀನ್‌ಶಾಟ್ ಕಳಿಸಿ, ಇದೆಯೋ ಇಲ್ಲವೋ ಹೇಳ್ತೀವಿ’ ಎಂದು ಸೇರಿಸಿದರೆ ಇಬ್ಬರಿಗೂ ಅನುಕೂಲ. ಆ ಸ್ಕ್ರೀನ್‌ಶಾಟ್ ಬಂದ ಕೂಡಲೇ ಅಂಗಡಿಯವರಿಗೆ ಊರಿನಲ್ಲಿ ಯಾವ ಫೋನು ಓಡುತ್ತಿದೆ ಎಂಬ ಲೆಕ್ಕವೂ ಸಿಗುತ್ತದೆ. ಮುಂದಿನ ವಾರ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಯಾವ ಕವರು ಎಷ್ಟು ತರಿಸಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸುಳಿವು ಬೇರಿಲ್ಲ.

ಪವರ್ ಬ್ಯಾಂಕಿನ ಪೋಸ್ಟನ್ನು ಫೋನ್ ಕೊಂಡ ವಾರದಲ್ಲೇ ಕಳಿಸಿ ಪ್ರಯೋಜನವಿಲ್ಲ. ಹೊಸ ಬ್ಯಾಟರಿಯ ಹುಮ್ಮಸ್ಸು ಇಳಿದಿರುವುದಿಲ್ಲ. ಜಾತ್ರೆ, ಶಬರಿಮಲೆ ಯಾತ್ರೆ, ಬೇಸಿಗೆ ರಜೆಯ ಪ್ರವಾಸಗಳ ಮುಂಚಿನ ಹತ್ತು ದಿನ ಅದಕ್ಕೆ ಹೊಂದುತ್ತದೆ. ಅಲ್ಲಿ ಮಾಮೂಲಾಗಿ ಬರೆಯುವ ಮಾತು ‘10,000 ಎಂಎಎಚ್, ನಿಮ್ಮ 5,000ದ ಫೋನು ಎರಡು ಸಲ ಫುಲ್’. ಇದು ಆಗದ ಮಾತು. ಪವರ್ ಬ್ಯಾಂಕಿನ ಒಳಗಿನ ಸೆಲ್ಲಿನ ಸುಮಾರು 3.7 ವೋಲ್ಟನ್ನು 5 ವೋಲ್ಟಿಗೆ ಏರಿಸುವಾಗಲೂ ಫೋನು ಅದನ್ನು ಮತ್ತೆ ತನ್ನ ಬ್ಯಾಟರಿಗೆ ಇಳಿಸಿಕೊಳ್ಳುವಾಗಲೂ ಶಕ್ತಿ ಸೋರುತ್ತದೆ. ಪೆಟ್ಟಿಗೆಯ ಹಿಂದೆ ಸಣ್ಣ ಅಕ್ಷರದಲ್ಲಿ rated capacity ಎಂದು ಆರು ಸಾವಿರದ ಆಸುಪಾಸಿನ ಸಂಖ್ಯೆಯೂ ಇರುತ್ತದೆ. ‘ಒಂದು ಸಲ ಫುಲ್, ಮೇಲೆ ಸ್ವಲ್ಪ ಉಳಿಯುತ್ತೆ’ ಎಂದು ಬರೆದು, ಆ ಸಣ್ಣ ಅಕ್ಷರದ ಫೋಟೋವನ್ನೇ ಹಾಕುವ ಧೈರ್ಯ ಬೇಕು.

ಪೋಸ್ಟು ಕೆಲಸ ಮಾಡಿತೇ ಎಂದು ತಿಳಿಯಲು ಸ್ಟೇಟಸ್ಸಿನ ಕೆಳಗೆ ಕಣ್ಣಿನ ಗುರುತಿನ ಪಕ್ಕದ ಸಂಖ್ಯೆ ನೋಡಿ ಹಿಗ್ಗುವವರಿದ್ದಾರೆ. ನೆಂಟರು, ಪಕ್ಕದ ಅಂಗಡಿಯವರು ಎಲ್ಲರೂ ಆ ಲೆಕ್ಕದಲ್ಲಿ ಸೇರಿರುತ್ತಾರೆ. ಎಣಿಸಬೇಕಾದದ್ದು ‘ಇದು ನನ್ನ ಫೋನಿಗೆ ಆಗುತ್ತಾ ಅಣ್ಣ?’ ಎಂದು ಮಾಡೆಲ್ ಹೆಸರು ಹೇಳಿ ಉತ್ತರಿಸಿದವರನ್ನು. ಚಾರ್ಜರಿನ ವೀಡಿಯೊಗೆ ಅಂಥ ಐದು ಪ್ರಶ್ನೆ ಬಂದು, ಅದರಲ್ಲಿ ಮೂರು ಬೇರೆ ಯಾವುದೋ ಒಂದೇ ಫೋನಿನ ಬಗ್ಗೆ ಇದ್ದರೆ, ನಾಳೆ ಕೌಂಟರಿನ ಮೇಲೆ ಇಟ್ಟು ವೀಡಿಯೊ ತೆಗೆಯಬೇಕಾದದ್ದು ಆ ಫೋನನ್ನು.